ಬ್ರ್ಯಾಟ್ಜ್ ಗೊಂಬೆ ಯಾರ ಸ್ವತ್ತು?

ಕಾರ್ಟರ್ ಬ್ರಯಂಟ್ ಅಮೆರಿಕದ ಮ್ಯಾಟೆಲ್ ಕಂಪನಿಯಲ್ಲಿ ಬಾರ್ಬಿ ಗೊಂಬೆಗಳಿಗೆ ಉಡುಪು ವಿನ್ಯಾಸ ಮಾಡುತ್ತಿದ್ದರು. ಆ ನೌಕರಿಯಲ್ಲಿ ಇದ್ದಾಗಲೇ, 2000ದ ಆಗಸ್ಟ್‌ನಲ್ಲಿ, ಹೊಸದೊಂದು ಗೊಂಬೆಯ ಚಿತ್ರಗಳನ್ನು ಎಂಜಿಎ ಎಂಬ ಪ್ರತಿಸ್ಪರ್ಧಿ ಕಂಪನಿಗೆ ತೋರಿಸಿದರು. ಮರುವರ್ಷ ಅಂಗಡಿಗೆ ಬಂದ ಬ್ರ್ಯಾಟ್ಜ್ ಬಾರ್ಬಿಗೇ ಸೆಡ್ಡು ಹೊಡೆಯಿತು. ಗೊಂಬೆ ತನ್ನದೆಂದು ಮ್ಯಾಟೆಲ್ ಕೋರ್ಟಿಗೆ ಹೋಯಿತು.

ಜಗಳದ ಬೇರು 1999ರಲ್ಲಿ ಬ್ರಯಂಟ್ ಸಹಿ ಹಾಕಿದ್ದ ಕರಾರಿನಲ್ಲಿತ್ತು. ನೌಕರಿಯಲ್ಲಿರುವಾಗ ‘ಯಾವುದೇ ಸಮಯದಲ್ಲಿ’ ಮಾಡಿದ ಆವಿಷ್ಕಾರ ಕಂಪನಿಗೆ ಸೇರತಕ್ಕದ್ದು ಎಂದು ಅದು ಹೇಳುತ್ತಿತ್ತು. ರಾತ್ರಿ ಮನೆಯಲ್ಲಿ ಕೂತು ಬಿಡಿಸಿದ ಚಿತ್ರವೂ ಅದರಲ್ಲಿ ಬರುತ್ತದೆಯೇ? ಆವಿಷ್ಕಾರದ ವ್ಯಾಖ್ಯೆಯಲ್ಲಿ ವಿನ್ಯಾಸವೆಂಬ ಪದವಿತ್ತು, ಕಲ್ಪನೆ ಎಂಬುದು ಇರಲಿಲ್ಲ. ಬ್ರಯಂಟ್ ಅವರಂತೂ ಈ ಗೊಂಬೆ ಹೊಳೆದದ್ದು 1998ರಲ್ಲಿ, ತಾವು ಮ್ಯಾಟೆಲ್‌ನಲ್ಲಿ ಇಲ್ಲದಿದ್ದಾಗ ಎಂದರು.

2008ರಲ್ಲಿ ಜ್ಯೂರಿ ಮ್ಯಾಟೆಲ್‌ಗೆ 10 ಕೋಟಿ ಡಾಲರ್ ಕೊಡಿಸಿತು. ಕರಾರಿನ ಮಾತಿಗೆ ಎರಡು ಅರ್ಥ ಬರುತ್ತದೆ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2011ರಲ್ಲಿ ಇನ್ನೊಂದು ಜ್ಯೂರಿ ಎಂಜಿಎ ಪರ ನಿಂತಿತು.

ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಸ್ವಂತ ಕಂಪನಿ ಕಟ್ಟುವವರ ಮುಂದೆಯೂ ಇವೇ ಪ್ರಶ್ನೆಗಳಿವೆ. ಆದ್ದರಿಂದ ಸ್ಥಾಪಕರ ಕರಾರು ಪರಿಶೀಲಿಸುವ ವಕೀಲರು ಮೊದಲು ಕೇಳಬೇಕಾದದ್ದು ಅವರ ಹಳೆಯ ನೌಕರಿಯ ಕರಾರನ್ನು. ಆಮೇಲೆ ತಾರೀಖುಗಳನ್ನು ಜೋಡಿಸಿ ನೋಡಬೇಕು.

ಉದಾಹರಣೆಗೆ, ಒಬ್ಬರು ಜನವರಿಯಲ್ಲಿ ಕೋಡ್ ಬರೆಯಲು ತೊಡಗಿ, ಜೂನ್‌ನಲ್ಲಿ ಕೆಲಸ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಕಂಪನಿ ನೋಂದಾಯಿಸಿದರು ಎನ್ನಿ. ಜೂನ್‌ವರೆಗಿನ ಕೋಡ್ ಮೂನ್‌ಲೈಟಿಂಗ್ ಫಲ; ಆಫೀಸಿನ ಲ್ಯಾಪ್‌ಟಾಪ್ ಬಳಸಿದ್ದರೆ, ಅದೇ ವ್ಯವಹಾರಕ್ಕೆ ಸಂಬಂಧಪಟ್ಟಿದ್ದರೆ ಹಳೆಯ ಮಾಲೀಕರು ಹಕ್ಕು ಕೇಳಬಹುದು. ಅವರಿಂದ ಲಿಖಿತ ಬಿಡುಗಡೆ ಪತ್ರ ಪಡೆಯುವುದು ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೋಡ್ ಸ್ಥಾಪಕರದ್ದೇ, ಹೊಸ ಕಂಪನಿಯದ್ದಲ್ಲ. ‘ನೌಕರಿಯ ಅವಧಿ’ ಎಂಬ ಮಾತು ನೋಂದಣಿಗೆ ಮುಂಚಿನ ತಿಂಗಳುಗಳನ್ನು ಮುಟ್ಟುವುದಿಲ್ಲ.

ಹಿಂದಿನ ಆವಿಷ್ಕಾರಗಳ ಪಟ್ಟಿ ಕರಾರಿನ ಕೊನೆಯಲ್ಲಿ ಇರುತ್ತದೆ. ಅಲ್ಲಿ ‘ಇಲ್ಲ’ ಎಂದು ಬರೆದು ಮುಗಿಸುವವರು ಬಹಳ. ಸ್ಥಾಪಕರು ತಮಗಾಗಿ ಉಳಿಸಿಕೊಳ್ಳುವ ಹಳೆಯ ಕೋಡ್‌ನ ಹೆಸರು, ತಾರೀಖು, ಒಂದೆರಡು ಸಾಲಿನ ವಿವರ ಅಲ್ಲಿ ಬರಬೇಕು. ಆ ಕೋಡ್ ಉತ್ಪನ್ನದೊಳಗೆ ಸೇರಿದ್ದರೆ ಅದನ್ನು ಬಳಸಲು ಕಂಪನಿಗೆ ಪರವಾನಗಿಯೂ ಬೇಕು.

ಗೌಪ್ಯತೆಯ ಷರತ್ತು ಸಹಿ ಹಾಕಿದ ದಿನದಿಂದ ಶುರುವಾದರೆ, ಅದಕ್ಕೂ ಮುಂಚೆ ಸಹಸ್ಥಾಪಕರ ನಡುವೆ ಹರಿದಾಡಿದ ಗ್ರಾಹಕರ ಪಟ್ಟಿ, ದರಗಳು ಹೊರಗುಳಿಯುತ್ತವೆ. ಷರತ್ತು ಆ ದಿನಗಳಿಗೂ ಅನ್ವಯಿಸುತ್ತದೆ ಎಂದು ಬರೆಸಬೇಕು. ಹಳೆಯ ಮಾಲೀಕರ ಕಡತ ತಂದಿಲ್ಲ ಎಂಬ ಭರವಸೆಯೂ ಜೊತೆಗಿರಬೇಕು.

ನೋಂದಣಿಗೆ ಮುಂಚಿನ ಕೋಡನ್ನು ಪ್ರತ್ಯೇಕ ಪತ್ರದಿಂದ ಕಂಪನಿಗೆ ವರ್ಗಾಯಿಸುವಾಗ ಅವಧಿ, ಪ್ರದೇಶ ಎರಡನ್ನೂ ನಮೂದಿಸಲೇಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ನಮೂದಿಸದೆ ಬಿಟ್ಟರೆ ಆ ವರ್ಗಾವಣೆ ನಿಲ್ಲುವುದು 5 ವರ್ಷ ಮಾತ್ರ, ಅದೂ ಭಾರತದೊಳಗೆ.