‘ಬಿಟ್ಟರೆ’ ಎಂಬ ಒಂದು ಪದ, ಹನ್ನೆರಡು ಲಕ್ಷದ ಲೆಕ್ಕ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಪೀಣ್ಯದಲ್ಲಿ ಹಿತ್ತಾಳೆ ಬಿಡಿಭಾಗ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಮಾಲೀಕರು ಆಡಿಟರ್ ಕಚೇರಿಯಲ್ಲಿ ಕರಡು ವರದಿ ಹಿಡಿದು ಕೂತಿದ್ದಾರೆ. ಇಂಗ್ಲಿಷ್ ವರದಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ‘ಕ್ವಾಲಿಫೈಡ್ ಒಪೀನಿಯನ್’ ಎಂದಿದೆ. ಅವರ ಮುಖ ಅರಳಿತು. ಎರಡನೇ ಪುಟದಲ್ಲಿ ‘ಎಂಫಸಿಸ್ ಆಫ್ ಮ್ಯಾಟರ್’ ಎಂಬ ತಲೆಬರಹದ ಕೆಳಗೆ ಜಿಎಸ್‌ಟಿ ಆದೇಶದ ಪ್ರಸ್ತಾಪ ಕಂಡದ್ದೇ ಮುಖ ಬಾಡಿತು.

“ಮೇಡಂ, ಮೊದಲನೇದು ಚೆನ್ನಾಗಿದೆ. ಈ ಎರಡನೇದು ತೆಗೀಬಹುದಾ?”

ಆಡಿಟರ್ ಮೇಜಿನ ಮೇಲೆ ಖಾಲಿ ಹಾಳೆಯೊಂದನ್ನು ಎಳೆದುಕೊಂಡರು. “ಸರ್, ನೀವು ಎರಡನ್ನೂ ತಿರುವುಮುರುವು ಓದಿದೀರಿ.”

ಇಂಥ ಅನೇಕ ಸಣ್ಣ ಕಂಪನಿಗಳಲ್ಲಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆ ಇದು. ಅಂಕಿಗಳೂ ವಿವರಣೆಗಾಗಿಯೇ ಇಟ್ಟವು. ಆದರೆ ಮಾಲೀಕರ ತಪ್ಪು ತಿಳಿವಳಿಕೆ ಸಹಜವಾದದ್ದು. ಕ್ವಾಲಿಫೈಡ್ ಡಾಕ್ಟರ್, ಕ್ವಾಲಿಫೈಡ್ ಎಂಜಿನಿಯರ್, ಫೈನಲ್‌ಗೆ ಕ್ವಾಲಿಫೈ ಆದ ತಂಡ ಎಂದೇ ಆ ಪದವನ್ನು ನಾವು ದಿನವೂ ಬಳಸುತ್ತೇವೆ. ಹಾಗಾಗಿ ಅದು ಕಿವಿಗೆ ‘ಪಾಸ್’ ಎಂದೇ ಕೇಳುತ್ತದೆ. ಆಡಿಟ್ ವರದಿಯಲ್ಲಿ ಅದರ ಅರ್ಥ ಬೇರೆ: ಆಕ್ಷೇಪ ಸಹಿತವಾದ ಅಭಿಪ್ರಾಯ. ಲೆಕ್ಕ ಪೂರ್ತಿ ಸರಿಯಿದ್ದರೆ ಆ ತಲೆಬರಹದಲ್ಲಿ ಯಾವ ವಿಶೇಷಣವೂ ಇರುವುದಿಲ್ಲ, ಬರೀ ‘ಒಪೀನಿಯನ್’ ಎಂದಷ್ಟೇ ಇರುತ್ತದೆ.

ಮೂಲೆಯ ಕ್ರೇಟುಗಳು

ಆಕ್ಷೇಪ ಹುಟ್ಟಿದ್ದು ಗೋದಾಮಿನ ಮೂಲೆಯಲ್ಲಿ. ಗ್ರಾಹಕ ಕಂಪನಿಯೊಂದು ಕೈಬಿಟ್ಟ ಹಳೇ ಮಾಡೆಲ್ ಪಂಪಿನ ಹಿತ್ತಾಳೆ ಬುಷ್‌ಗಳು ಅಲ್ಲಿ ಕ್ರೇಟುಗಳಲ್ಲಿ ಬಿದ್ದಿವೆ. ಸ್ಟಾಕ್ ಎಣಿಕೆಯ ದಿನ ಆಡಿಟರ್ ತಂಡ ಕಂಡದ್ದು ಧೂಳು ಕೂತ ಟ್ಯಾಗುಗಳನ್ನು. ಆ ಮಾಲಿನ ಹೆಸರಲ್ಲಿ ಎರಡು ವರ್ಷದಿಂದ ಒಂದೇ ಒಂದು ಮಾರಾಟದ ಬಿಲ್ ಆಗಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಅದು ತಯಾರಿಕಾ ವೆಚ್ಚವಾದ 18 ಲಕ್ಷ ರೂಪಾಯಿಗೇ ನಿಂತಿದೆ. ಗುಜರಿಗೆ ಹಾಕಿದರೆ ಹಿತ್ತಾಳೆಯ ತೂಕಕ್ಕೆ 6 ಲಕ್ಷ ಬರಬಹುದು.

ದಾಸ್ತಾನಿನ ಲೆಕ್ಕಕ್ಕಿರುವ ಎಎಸ್ 2 ಮಾನದಂಡ ಇಲ್ಲಿ ನೇರವಾಗಿದೆ. ಮಾಲಿಗೆ ತಗುಲಿದ ವೆಚ್ಚ ಒಂದು, ಅದನ್ನು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಹಣ ಇನ್ನೊಂದು. ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ದಾಸ್ತಾನನ್ನು ತೋರಿಸಬೇಕು. ಅಂದರೆ 12 ಲಕ್ಷ ಇಳಿಸಬೇಕಿತ್ತು. “ನಾಳೆ ಯಾರಾದರೂ ಕೇಳಬಹುದು” ಎಂದು ಮಾಲೀಕರು ಇಳಿಸಿರಲಿಲ್ಲ.

ಆಡಿಟರ್ ಹಾಳೆಯ ಮೇಲೆ ಎರಡೇ ಸಾಲು ಬರೆದರು. ಪುಸ್ತಕದ ಪ್ರಕಾರ ತೆರಿಗೆಗೆ ಮುಂಚಿನ ಲಾಭ 30 ಲಕ್ಷ. ಬುಷ್‌ಗಳ ಬೆಲೆ ಇಳಿಸಿದರೆ 18 ಲಕ್ಷ. “ವರದಿಯಲ್ಲಿ ‘ಎಕ್ಸೆಪ್ಟ್ ಫಾರ್’ ಅಂತ ಎರಡು ಪದ ಇದೆ ನೋಡಿ, ಸರ್. ನಮ್ಮ ಕನ್ನಡದಲ್ಲಿ ಅದು ‘ಬಿಟ್ಟರೆ’. ಈ ದಾಸ್ತಾನಿನ ವಿಷಯ ಒಂದು ಬಿಟ್ಟರೆ ಉಳಿದ ಲೆಕ್ಕ ಸರಿಯಾಗಿದೆ ಅಂತ ನಾನು ಸಹಿ ಹಾಕ್ತಿದೀನಿ.”

ತಪ್ಪು ದೊಡ್ಡದು, ಆದರೆ ಒಂದು ಕಡೆಗೆ ಸೀಮಿತವಾದದ್ದು. ಅದಕ್ಕೇ ಇದು ಕ್ವಾಲಿಫೈಡ್. ತಪ್ಪು ಇಡೀ ಲೆಕ್ಕಕ್ಕೆ ಹರಡಿಕೊಂಡಿದ್ದರೆ ‘ಅಡ್ವರ್ಸ್’, ಎಂದರೆ ಈ ಲೆಕ್ಕವನ್ನು ನಂಬಲಾಗದು ಎಂಬ ಅಭಿಪ್ರಾಯವನ್ನೇ ಕೊಡಬೇಕಾಗುತ್ತಿತ್ತು. ಈ ಗೆರೆ ಎಳೆಯುವುದು ಎಸ್‌ಎ 705 ಎಂಬ ಆಡಿಟ್ ಮಾನದಂಡ.

ಇನ್ನೊಂದು ಸಣ್ಣ ಪದವನ್ನೂ ಗಮನಿಸಬೇಕು. ಅದೇ ಮಾಲು ಪ್ಲೇಟಿಂಗ್‌ಗೆಂದು ಹೊರಗೆ ಹೋಗಿದ್ದು, ಎಷ್ಟು ಉಳಿದಿದೆಯೆಂಬ ಖಚಿತ ಪತ್ರ ಆ ಜಾಬ್‌ವರ್ಕಿನವರಿಂದ ಬಾರದೆ, ಬೇರೆ ದಾರಿಯಿಂದಲೂ ಪರಿಶೀಲಿಸಲಾಗದಿದ್ದರೆ ವರದಿಯಲ್ಲಿ ‘ಪಾಸಿಬಲ್’ ಎಂಬ ಪದ ಸೇರುತ್ತಿತ್ತು. ‘ಇದರ ಪರಿಣಾಮ ಬಿಟ್ಟರೆ’ ಎಂದರೆ ತಪ್ಪು ಸಿಕ್ಕಿದೆ ಎಂದರ್ಥ. ‘ಇದರಿಂದ ಆಗಬಹುದಾದ ಪರಿಣಾಮ ಬಿಟ್ಟರೆ’ ಎಂದರೆ ತಪ್ಪಿದೆಯೋ ಇಲ್ಲವೋ ಹೇಳುವಷ್ಟು ಪುರಾವೆ ಸಿಗಲಿಲ್ಲ ಎಂದರ್ಥ. ಮೊದಲನೆಯದಕ್ಕೆ ಪರಿಹಾರ ಲೆಕ್ಕ ತಿದ್ದುವುದು, ಎರಡನೆಯದಕ್ಕೆ ಕಾಗದಪತ್ರ ಒದಗಿಸುವುದು.

ಬೆರಳಿಟ್ಟು ತೋರಿಸಿದ ಸಾಲು

ಇನ್ನು ಮಾಲೀಕರನ್ನು ಹೆದರಿಸಿದ ಪ್ಯಾರಾ. ಬಿಡಿಭಾಗ ಒದಗಿಸಿದವರೊಬ್ಬರ ಬಿಲ್ಲುಗಳ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ ಒಪ್ಪಲಾಗದು ಎಂದು ಜಿಎಸ್‌ಟಿ ಇಲಾಖೆ 22 ಲಕ್ಷ ಕಟ್ಟುವಂತೆ ಆದೇಶಿಸಿದೆ. ಕಂಪನಿ ಮೇಲ್ಮನವಿ ಹಾಕಿದೆ. ಗೆಲ್ಲುವ ಸಾಧ್ಯತೆಯೇ ಹೆಚ್ಚೆಂದು ವಕೀಲರು ಬರೆದುಕೊಟ್ಟಿದ್ದಾರೆ. ಹೀಗಿರುವಾಗ ಆ ಹಣವನ್ನು ಈಗಲೇ ಖರ್ಚೆಂದು ಬರೆಯಬೇಕಾಗಿಲ್ಲ, ಟಿಪ್ಪಣಿಯಲ್ಲಿ ವಿವರ ಕೊಟ್ಟರೆ ಸಾಕು. ಕಂಪನಿ ಹಾಗೇ ಮಾಡಿದೆ. ವಿವರವೆಲ್ಲ ಲೆಕ್ಕಪತ್ರದ 27ನೇ ಟಿಪ್ಪಣಿಯಲ್ಲಿದೆ.

ಆಡಿಟರ್‌ಗೆ ಅದರಲ್ಲಿ ತಪ್ಪೇನೂ ಕಂಡಿಲ್ಲ. ಆದರೆ ಮೇಲ್ಮನವಿ ಸೋತರೆ ಒಂದು ವರ್ಷದ ಲಾಭವೇ ಹೋದೀತು. ಓದುವವರು ಆ ಟಿಪ್ಪಣಿಯನ್ನು ದಾಟಿ ಹೋಗಬಾರದು ಎಂದು ಅವರು ಅದರ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಎಸ್‌ಎ 706 ಹೇಳುವ ಎಂಫಸಿಸ್ ಆಫ್ ಮ್ಯಾಟರ್ ಇಷ್ಟೇ. ಆ ಪ್ಯಾರಾದಲ್ಲಿ, ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗಿಲ್ಲ ಎಂಬ ಸಾಲೂ ಇರಲೇಬೇಕು. ಮಾಲೀಕರು ಗಾಬರಿಯಲ್ಲಿ ಆ ಸಾಲನ್ನೇ ಓದಿರಲಿಲ್ಲ.

ಅದನ್ನು ಓದಿದ ಮೇಲೆ ಅವರು ವ್ಯಾಪಾರಿಯ ಬುದ್ಧಿ ಓಡಿಸಿದರು. “ಹಾಗಾದ್ರೆ ಬುಷ್ ವಿಷಯಾನೂ ಎಂಫಸಿಸ್‌ಗೇ ಹಾಕಿಬಿಡಿ ಮೇಡಂ.”

“ಆಗಲ್ಲ ಸರ್. ಲೆಕ್ಕದಲ್ಲಿ ಸರಿಯಾಗಿ ತೋರಿಸಿದ್ದರ ಮೇಲೆ ಮಾತ್ರ ನಾನು ಬೆರಳಿಡಬಹುದು. ಬುಷ್ ಲೆಕ್ಕವೇ ತಪ್ಪಿದೆಯಲ್ಲ.”

ಮಾನದಂಡವೂ ಇದನ್ನೇ ಹೇಳುತ್ತದೆ: ಆಕ್ಷೇಪ ಬರೆಯಬೇಕಾದ ಕಡೆ ಎಂಫಸಿಸ್ ಪ್ಯಾರಾವನ್ನು ಬದಲಿಯಾಗಿ ಬಳಸುವಂತಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಮಾಲೀಕರು ಜಿಎಸ್‌ಟಿ ಆದೇಶವನ್ನು ಮುಚ್ಚಿಟ್ಟು 27ನೇ ಟಿಪ್ಪಣಿಯನ್ನೇ ತೆಗೆಸಿದ್ದರೆ, ಬೆರಳಿಡಲು ಟಿಪ್ಪಣಿಯೇ ಇಲ್ಲದೆ ಅದು ಎರಡನೇ ಆಕ್ಷೇಪವಾಗುತ್ತಿತ್ತು.

ಸಹಿಗೆ ಮುಂಚಿನ ಅವಕಾಶ

ಆಕ್ಷೇಪದ ಹೊರೆ ವರದಿಯ ಪುಟಕ್ಕೆ ಮುಗಿಯುವುದಿಲ್ಲ. ಕಂಪನಿ ಕಾಯ್ದೆ 2013ರ 134ನೇ ಸೆಕ್ಷನ್ ಪ್ರಕಾರ ಆಡಿಟರ್ ಬರೆದ ಪ್ರತಿ ಕ್ವಾಲಿಫಿಕೇಶನ್‌ಗೂ ನಿರ್ದೇಶಕರ ಮಂಡಳಿ ತನ್ನ ವರದಿಯಲ್ಲಿ ವಿವರಣೆ ಕೊಡಬೇಕು. ಬ್ಯಾಂಕಿನವರೂ ಅದನ್ನು ನೋಡುತ್ತಾರೆ. ದಾಸ್ತಾನಿನ ಮೇಲೆ ಶೇ 25ರ ಮಾರ್ಜಿನ್ ಹಿಡಿದು ಸಾಲ ಕೊಡುವ ಬ್ಯಾಂಕಾದರೆ, ಇಲ್ಲದ 12 ಲಕ್ಷವನ್ನು ಕಳೆದಾಗ ಸಾಲದ ಮಿತಿ 9 ಲಕ್ಷ ಇಳಿಯುತ್ತದೆ.

ಆದರೆ ಅಭಿಪ್ರಾಯ ಮಾರ್ಪಾಟಾಗುವ ಸೂಚನೆ ಇದ್ದಾಗ ಅದರ ಕಾರಣವನ್ನೂ ಬಳಸಲಿರುವ ಪದಗಳನ್ನೂ ಆಡಿಟರ್ ಆಡಳಿತ ನಡೆಸುವವರಿಗೆ ಮೊದಲೇ ತಿಳಿಸಬೇಕೆಂದು ಮಾನದಂಡವೇ ಹೇಳುತ್ತದೆ. ಆ ಮಧ್ಯಾಹ್ನ ಮಾಲೀಕರ ಕೈಗೆ ಕರಡು ಬಂದದ್ದು ಅದಕ್ಕಾಗಿಯೇ. ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರವರೆಗೆ ಸಮಯವಿತ್ತು, ಲೆಕ್ಕ ಇನ್ನೂ ಮಂಡಳಿಯ ಒಪ್ಪಿಗೆ ಪಡೆದಿರಲಿಲ್ಲ. ಇದೇ ತಿದ್ದುಪಡಿಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಆರಂಭದ ದಾಸ್ತಾನು ತಪ್ಪಾಗಿ, ಆ ವರ್ಷದ ಲಾಭವೂ ತಪ್ಪಿ, ಆಗಿನ ವರದಿಯಲ್ಲೂ ಇದರ ನೆರಳು ಉಳಿಯುತ್ತದೆ.

ಮಾಲೀಕರು ಹಾಳೆಯ ಮೇಲಿನ 30 ಮತ್ತು 18ನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಲ್ಲಿಂದಲೇ ಅಕೌಂಟೆಂಟ್‌ಗೆ ಫೋನ್ ಮಾಡಿ, ಬುಷ್‌ಗಳ ಬೆಲೆಯನ್ನು 6 ಲಕ್ಷಕ್ಕೆ ಇಳಿಸಿ ಹೊಸ ಬ್ಯಾಲೆನ್ಸ್ ಶೀಟ್ ಕಳಿಸಲು ಹೇಳಿದರು.

ಮುಂದಿನ ವಾರ ಬಂದ ವರದಿಯ ಮೊದಲ ಪುಟದಲ್ಲಿ ಬರೀ ‘ಒಪೀನಿಯನ್’ ಎಂದಿತ್ತು. ಜಿಎಸ್‌ಟಿಯ ಪ್ಯಾರಾ ಎರಡನೇ ಪುಟದಲ್ಲಿ ಇದ್ದ ಹಾಗೇ ಇತ್ತು. ಈ ಸಲ ಅವರು ಅದನ್ನು ತೆಗೆಯಲು ಕೇಳಲಿಲ್ಲ. 27ನೇ ಟಿಪ್ಪಣಿಯ ಪುಟ ತೆರೆದು, ಮೇಲ್ಮನವಿಯ ತಾರೀಕು ಸರಿಯಾಗಿದೆಯೇ ಎಂದು ಮೊಬೈಲಿನಲ್ಲಿದ್ದ ಪ್ರತಿಯ ಜೊತೆ ಹೋಲಿಸಿ ನೋಡಿದರು.