ಮಸುಕಾಗುವ ಹಾಡು, ನಿಲ್ಲುವ ಹಾಡು

ಗಣೇಶೋತ್ಸವದ ವೇದಿಕೆಯಲ್ಲಿ ಹಳೆಯ ಚಿತ್ರಗೀತೆ ಹಾಡುವ ಆರ್ಕೆಸ್ಟ್ರಾದವರಿಗೆ ಒಂದು ಪೇಚು ಪದೇಪದೇ ಎದುರಾಗುತ್ತದೆ. ರೆಕಾರ್ಡಿನಲ್ಲಿ ಎಷ್ಟೋ ಹಾಡುಗಳಿಗೆ ಮುಕ್ತಾಯವೇ ಇಲ್ಲ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ದನಿ ಸಣ್ಣಗಾಗುತ್ತ ಹೋಗುತ್ತದೆ, ಕೊನೆಗೆ ಕೇಳಿಸದಂತಾಗುತ್ತದೆ. ವೇದಿಕೆಯಲ್ಲಿ ಹಾಗೆ ಕರಗಿಹೋಗಲು ಬರುವುದಿಲ್ಲ. ಹಾಗಾಗಿ ಪಲ್ಲವಿಯ ಕೊನೆಯ ತುಣುಕನ್ನು ಮೂರು ಸಲ ಹಾಡಿ, ಮೂರನೆಯದಕ್ಕೆ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಕೆಲವು ಹಾಡಿಗೆ ಈ ಉಪಾಯ ಮೊದಲಿನಿಂದಲೂ ಅಲ್ಲೇ ಇತ್ತೇನೋ ಎಂಬಷ್ಟು ಚೆನ್ನಾಗಿ ಹೊಂದುತ್ತದೆ. ಇನ್ನು ಕೆಲವಕ್ಕೆ ಬಲವಂತವಾಗಿ ಬಾಗಿಲು ಹಾಕಿದಂತೆ ಕೇಳಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ನುಡಿಸುವವರಲ್ಲಿಲ್ಲ, ಹಾಡಿನ ಒಳಗಟ್ಟಿನಲ್ಲಿದೆ.

ಈಗ ಮನೆಯ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಹಾಡು ಕಟ್ಟಿ ಬಿಡುಗಡೆ ಮಾಡುವವರು ಬಹಳ ಮಂದಿ. ಅವರಲ್ಲಿ ಹಲವರು ಕೊನೆಯನ್ನು ಮಿಕ್ಸಿಂಗ್ ದಿನದವರೆಗೆ ಮುಂದೂಡಿ, ಆಗಲೂ ತೋಚದಿದ್ದರೆ ಫೇಡ್ ಎಳೆದುಬಿಡುತ್ತಾರೆ. ನನಗೆ ಇದು ತಪ್ಪಾಗಿ ಕಾಣುತ್ತದೆ. ಫೇಡ್ ಕೂಡ ಒಂದು ಮುಕ್ತಾಯವೇ, ಅದನ್ನು ತಾಳಿಕೊಳ್ಳುವ ಸಂಗೀತವನ್ನು ಅದಕ್ಕೆಂದೇ ಬರೆಯಬೇಕಾಗುತ್ತದೆ.

ಇದಕ್ಕೆ ಬೀಟಲ್ಸ್ ತಂಡದ 1968ರ 'ಹೇ ಜೂಡ್' ಒಳ್ಳೆಯ ಉದಾಹರಣೆ. ಏಳು ನಿಮಿಷ ಮೀರಿದ ಈ ಹಾಡಿನಲ್ಲಿ ಸುಮಾರು ನಾಲ್ಕು ನಿಮಿಷ ಬರೀ ಕೊನೆಯ ಭಾಗ. ಒಂದೇ ಸಾಲನ್ನು ಎಲ್ಲರೂ ಸೇರಿ ಹಾಡುತ್ತ ಹಾಡುತ್ತ ದನಿ ತಗ್ಗುತ್ತದೆ. ಅಷ್ಟು ಹೊತ್ತು ಅದು ಬೇಸರ ತರಿಸದಿರಲು ಕಾರಣ ಅದರ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ ಸಾಲಿನಲ್ಲಿದೆ: ಎಫ್, ಇ ಫ್ಲಾಟ್, ಬಿ ಫ್ಲಾಟ್, ಮತ್ತೆ ಎಫ್. ಎಫ್ ಅನ್ನು ಷಡ್ಜ ಎಂದುಕೊಂಡರೆ ಅದರ ಪಂಚಮದ ಮೇಲೆ ನಿಲ್ಲುವ ಕಾರ್ಡ್ ಇಲ್ಲಿ ಬರುವುದೇ ಇಲ್ಲ. ಆ ಪಂಚಮದ ಕಾರ್ಡಿನೊಳಗೆ ಕಾಕಲಿ ನಿಷಾದ ಇರುತ್ತದೆ. ಮೇಲಿನ ಷಡ್ಜಕ್ಕೆ ಅರ್ಧ ಸ್ವರವಷ್ಟೇ ದೂರವಿರುವ ಆ ನಿಷಾದ ಬಂದ ಕೂಡಲೇ ಕಿವಿ 'ಸ' ಬರಲಿ ಎಂದು ಕಾಯಲು ಶುರುಮಾಡುತ್ತದೆ. 'ಹೇ ಜೂಡ್'ನ ಕೊನೆಯ ಕಾರ್ಡ್‌ಗಳಲ್ಲಿ ಇರುವುದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಕೈಶಿಕಿ ನಿಷಾದ. ಅದಕ್ಕೆ ಆ ಅವಸರವಿಲ್ಲ. ಸುತ್ತು ಮನೆಗೆ ಬರುತ್ತದೆ, ಆದರೆ ಯಾರೂ ಅದನ್ನು ಮನೆಗೆ ತಳ್ಳಿಲ್ಲ. ಆದ್ದರಿಂದ ಸುತ್ತಿನ ಯಾವ ಜಾಗದಲ್ಲಿ ದನಿ ಇಲ್ಲವಾದರೂ ನಡುವೆ ಕತ್ತರಿಸಿದಂತೆ ಅನಿಸುವುದಿಲ್ಲ.

ನಿಮ್ಮ ಹಾಡನ್ನು ಪರೀಕ್ಷಿಸುವ ದಾರಿಯೂ ಇಲ್ಲೇ ಇದೆ. ಕೊನೆಯ ನಾಲ್ಕು ಆವರ್ತವನ್ನು ಲೂಪ್ ಹಾಕಿ ಎಂಟು ಸಲ ಕೇಳಿ. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ತಲೆ ತೂಗುತ್ತಿದ್ದರೆ ಫೇಡ್ ಹೊಂದುತ್ತದೆ. ಪ್ರತಿ ಸುತ್ತಿಗೂ 'ಇನ್ನೇನೋ ಬರಬೇಕು' ಎಂಬ ನಿರೀಕ್ಷೆ ಬಲಿಯುತ್ತಿದ್ದರೆ ಆ ಹಾಡು ನಿಲ್ಲಲು ಜಾಗ ಕೇಳುತ್ತಿದೆ. ಅಲ್ಲಿ ಫೇಡ್ ಎಳೆದರೆ ಕೇಳುಗರಿಗೆ ಉತ್ತರ ತಪ್ಪಿಸಿದಂತೆಯೇ. ಕಥೆ ಹೇಳುವ, ಚರಣದಿಂದ ಚರಣಕ್ಕೆ ಭಾವ ಏರುತ್ತ ಹೋಗುವ ಹಾಡುಗಳು ಸಾಮಾನ್ಯವಾಗಿ ಈ ಎರಡನೆಯ ಜಾತಿಗೆ ಸೇರುತ್ತವೆ.

ಫೇಡ್ ಸ್ಟುಡಿಯೋ ಯಂತ್ರಗಳ ಜೊತೆಗೇ ಹುಟ್ಟಿದ್ದು ಎಂದುಕೊಳ್ಳಬೇಕಿಲ್ಲ. 1918ರಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದ ಗುಸ್ತಾವ್ ಹೋಲ್ಸ್ಟ್‌ನ 'ದಿ ಪ್ಲಾನೆಟ್ಸ್' ಕೃತಿಯ ಕೊನೆಯ ಭಾಗ 'ನೆಪ್ಚೂನ್'ನಲ್ಲಿ ಹೆಂಗಸರ ಮೇಳ ಪಕ್ಕದ ಕೋಣೆಯಲ್ಲಿ ನಿಂತು ಹಾಡುತ್ತದೆ. ಕೊನೆಯ ತುಣುಕನ್ನು ಅವರು ಮತ್ತೆ ಮತ್ತೆ ಹಾಡುತ್ತಿರುವಾಗ ಆ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ನಿಧಾನಕ್ಕೆ ಮುಚ್ಚಬೇಕೆಂದು ಹೋಲ್ಸ್ಟ್ ಬರೆದಿಟ್ಟಿದ್ದಾನೆ. ಅವನೂ ಹಾಗೆ ಮರೆಯಾಗಬೇಕಾದ ತುಣುಕನ್ನು ಸುತ್ತುವಂತೆಯೇ ರಚಿಸಿದ್ದ ಎಂಬುದನ್ನು ಗಮನಿಸಬೇಕು.

ಫೇಡ್ ಎಂದು ನಿರ್ಧರಿಸಿದ ಮೇಲೆ ಅದನ್ನು ಎಲ್ಲಿ ಶುರು ಮಾಡುವುದು? ನಿಮಿಷಕ್ಕೆ 80 ಬಡಿತದ, ನಾಲ್ಕು ಬಡಿತದ ಆವರ್ತದ ಹಾಡು ಎಂದಿಟ್ಟುಕೊಳ್ಳೋಣ. ಒಂದು ಆವರ್ತಕ್ಕೆ ಸರಿಯಾಗಿ ಮೂರು ಸೆಕೆಂಡ್, ನಾಲ್ಕು ಆವರ್ತದ ಪಲ್ಲವಿಗೆ ಹನ್ನೆರಡು. ಪಲ್ಲವಿಯನ್ನು ಕೊನೆಯಲ್ಲಿ ಮೂರು ಸಲ ಹಾಡಿಸಿ, ಮೊದಲನೆಯದನ್ನು ಪೂರ್ತಿ ದನಿಯಲ್ಲಿ ಬಿಟ್ಟು, ಎರಡನೆಯದರ ಮೊದಲ ಬಡಿತದಿಂದ ಇಳಿಸಲು ಶುರು ಮಾಡಿ. ಮೂರನೆಯದರ ಕೊನೆಗೆ ದನಿ ಸೊನ್ನೆಯಾಗಲಿ. ಅಲ್ಲಿಗೆ 24 ಸೆಕೆಂಡ್. ಆರೇಳು ಸೆಕೆಂಡಿನ ಫೇಡ್ ಯಾರೋ ವಾಲ್ಯೂಮ್ ತಿರುಗಿಸಿದಂತೆ ಕೇಳಿಸುತ್ತದೆ. ಇಳಿಕೆಯ ಗೆರೆ ಮೊದಲರ್ಧ ಮೆಲ್ಲಗೆ ಬಾಗಿ ಆಮೇಲೆ ಚುರುಕಾಗಲಿ. ದನಿ ತೀರ ತಗ್ಗಿದಾಗ ನಮ್ಮ ಕಿವಿಗೆ ಮೊದಲು ತಪ್ಪಿಹೋಗುವುದು ಬೇಸ್, ಆಮೇಲೂ ಉಳಿಯುವುದು ಗಾಯಕರ ದನಿ ಮತ್ತು ತಾಳದ ಚಿಟಚಿಟ ಸದ್ದು. ಬಸ್ಸಿನಲ್ಲಿ ಮೊಬೈಲಿನಲ್ಲಿ ಕೇಳುವವರಿಗೆ ಕೊನೆಯ ಹಲವು ಸೆಕೆಂಡ್ ಹೇಗೂ ದಕ್ಕುವುದಿಲ್ಲ. ಹೊಸ ಆಲಾಪವನ್ನೋ ಹೊಸ ಸಾಲನ್ನೋ ಅಲ್ಲಿ ಇಟ್ಟರೆ ವ್ಯರ್ಥ.

ಒಂದು ತಾಂತ್ರಿಕ ಎಡವಟ್ಟಿನ ಬಗ್ಗೆಯೂ ಹೇಳಬೇಕು. ಕಂಪ್ರೆಸರ್ ಮತ್ತು ಲಿಮಿಟರ್ ಜೋರು ದನಿಯನ್ನು ಒತ್ತಿ ಹಿಡಿಯುವ ಸಾಧನಗಳು. ಫೇಡ್ ಅನ್ನು ಅವುಗಳಿಗಿಂತ ಮೊದಲು ಹಾಕಿದರೆ ಒಳಬರುವ ದನಿ ತಗ್ಗಿದಂತೆ ಅವು ತಮ್ಮ ಹಿಡಿತ ಸಡಿಲಿಸುತ್ತವೆ. ಹಾಗಾಗಿ ಫೇಡ್‌ನ ಮೊದಲ ಭಾಗದಲ್ಲಿ ದನಿ ಇಳಿಯದೆ ಹಟ ಹಿಡಿದು, ಆಮೇಲೆ ಒಮ್ಮೆಲೇ ಜಾರುತ್ತದೆ. ಹಾಡಿನ ಬಣ್ಣವೂ ನಡುವೆ ಬದಲಾದಂತೆ ಕೇಳಿಸುತ್ತದೆ. ಫೇಡ್ ಯಾವಾಗಲೂ ಇವೆಲ್ಲದರ ನಂತರ ಬರಬೇಕು.

ಈಗ ನಿಲ್ಲುವ ಹಾಡಿಗೆ ಬರೋಣ. ಪೂರ್ತಿಯಾಯಿತು ಎಂಬ ಭಾವ ಬರಬೇಕಾದರೆ ರಾಗದ ಸಾಲು 'ಸ'ಕ್ಕೆ, ಕಾರ್ಡ್ ತನ್ನ ಮೂಲಕ್ಕೆ, ತಾಳ ಸಮಕ್ಕೆ, ಮೂರೂ ಒಂದೇ ಗಳಿಗೆಯಲ್ಲಿ ಬಂದು ಸೇರಬೇಕು. ಒಂದು ಮೊದಲೇ ಬಂದುಬಿಟ್ಟರೂ ಮುಕ್ತಾಯ ಸಪ್ಪೆಯಾಗುತ್ತದೆ. ಬರೆಯುವವರ ಕೆಲಸ ಈ ಮೂರನ್ನೂ ಕೊನೆಯ ತನಕ ಒಟ್ಟಿಗೆ ಸೇರದಂತೆ ತಡೆಯುವುದು.

ಅದೇ 80 ಬಡಿತದ ಹಾಡು, ಶ್ರುತಿ ಸಿ ಮೇಜರ್ ಇರಲಿ. ಪಲ್ಲವಿಯ ಬಾಲ ಎರಡು ಆವರ್ತದ್ದು. ಮೊದಲ ಆವರ್ತದಲ್ಲಿ ಎರಡು ಬಡಿತ ಎಫ್, ಎರಡು ಬಡಿತ ಜಿ, ಎರಡನೆಯ ಆವರ್ತದಲ್ಲಿ ಸಿ. ಗಾಯಕಿ 'ರಿ'ಯಿಂದ 'ಸ'ಕ್ಕೆ ಇಳಿಯುವುದು ಸರಿಯಾಗಿ ಈ ಸಿ ಬರುವ ಮೊದಲ ಬಡಿತಕ್ಕೆ. ಹಾಡಿನುದ್ದಕ್ಕೂ ಹೀಗೇ ಬಂದಿದೆ. ಕೊನೆಯಲ್ಲಿ ಈ ಬಾಲವನ್ನು ಮೂರು ಸಲ ಹಾಡಿಸಿ, ಆದರೆ ಮೊದಲೆರಡು ಸಲ ಸಿ ಬದಲು ಎ ಮೈನರ್ ನುಡಿಸಿ. ಎ ಮೈನರ್‌ನಲ್ಲಿ ಇರುವುದು ದ, ಸ, ಗ. ಗಾಯಕಿ ಹಾಡುವ 'ಸ' ಅದರೊಳಗೇ ಇರುವುದರಿಂದ ರಾಗದ ಸಾಲು ಒಂದಿಷ್ಟೂ ಬದಲಾಗಬೇಕಿಲ್ಲ, ಅಪಸ್ವರವೂ ಇಲ್ಲ. ಆದರೂ ಆ 'ಸ' ನೆಲ ಮುಟ್ಟಿದಂತೆ ಅನಿಸುವುದಿಲ್ಲ, ಕೆಳಗಿರುವ ಬೇಸ್ 'ದ' ಹಿಡಿದಿದೆ. ಮೂರನೆಯ ಸಲ ಎಫ್‌ಗೆ ಒಂದು ಪೂರ್ತಿ ಆವರ್ತ, ಜಿಗೆ ಒಂದು ಪೂರ್ತಿ ಆವರ್ತ ಕೊಡಿ. ಪ, ನಿ, ರಿ ಮೂರೂ ನಾಲ್ಕು ಬಡಿತ ಕಾಯುತ್ತವೆ. ಆಮೇಲೆ ಸಿ. ಅದೇ ಗಾಯಕಿ, ಅದೇ 'ಸ', ಈ ಸಲ ಕೂತಿತು ಎಂದು ಸಂಗೀತ ಓದದವರಿಗೂ ಗೊತ್ತಾಗುತ್ತದೆ.

ನಿಧಾನಿಸುವುದು ಆ ಜಿ ಆವರ್ತವೊಂದರಲ್ಲಿ ಮಾತ್ರ ಸಾಕು: 80ರಿಂದ 72, ಕೊನೆಯ ಬಡಿತಕ್ಕೆ 62ರ ಆಸುಪಾಸು. ನಾಲ್ಕೈದು ಆವರ್ತ ಮೊದಲೇ ನಿಧಾನಿಸಿದರೆ ಕೇಳುಗರಿಗೆ ಕೊನೆ ಗೊತ್ತಾಗಿಹೋಗಿ ಅವರು ಮೊದಲೇ ಎದ್ದುಬಿಡುತ್ತಾರೆ. ಕ್ಲಿಕ್ ಕೇಳುತ್ತ ಒಬ್ಬೊಬ್ಬರೇ ರೆಕಾರ್ಡ್ ಮಾಡುವುದಾದರೆ ಈ ಇಳಿಕೆಯನ್ನು ರೆಕಾರ್ಡಿಂಗ್‌ಗೆ ಮುಂಚೆಯೇ ಟೆಂಪೋ ಟ್ರ್ಯಾಕಿನಲ್ಲಿ ಬರೆದಿಡಬೇಕು. ಗಿಟಾರಿನವರು ಒಂದು ಅಂದಾಜಿನಲ್ಲಿ, ತಬಲಾದವರು ಇನ್ನೊಂದು ಅಂದಾಜಿನಲ್ಲಿ ನಿಧಾನಿಸಿದರೆ ಕೊನೆಯ ಪೆಟ್ಟು ಎರಡು ಪೆಟ್ಟಾಗುತ್ತದೆ. ಬೇಸ್ ಕೊನೆಯಲ್ಲಿ 'ಸ'ವನ್ನೇ ಹಿಡಿಯಬೇಕು. ಅದು 'ಗ'ದ ಮೇಲೆ ನಿಂತರೆ ಕಾರ್ಡ್ ಸಿ ಮೇಜರ್ ಆದರೂ ಹಾಡು ಒಂದು ಕಾಲು ಎತ್ತಿಕೊಂಡೇ ಇರುತ್ತದೆ. ಪ್ರಶ್ನೆಯಲ್ಲಿ ಮುಗಿಯುವ ಹಾಡಿಗೆ ಅದನ್ನು ಬೇಕೆಂದೇ ಮಾಡಬಹುದು, ತುಂಬ ಸುಂದರವಾಗಿಯೂ ಇರುತ್ತದೆ.

ಮೂರೇ ಸಲ ಏಕೆ? ಮೊದಲನೆಯದು ವಿಷಯ ಹೇಳುತ್ತದೆ, ಎರಡನೆಯದು ಅದೊಂದು ವಿನ್ಯಾಸ ಎಂದು ತಿಳಿಸುತ್ತದೆ, ಹಾಗಾಗಿ ಮೂರನೆಯದನ್ನು ಕೇಳುಗರು ತಾವೇ ಎಣಿಸತೊಡಗುತ್ತಾರೆ. ಹಿಂದೂಸ್ತಾನಿಯ ತಿಹಾಯಿ ನಿಂತಿರುವುದು ಇದೇ ಲೆಕ್ಕದ ಮೇಲೆ. ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ 'ತಿಟೆ ಕತ ಗದಿ ಗನ ಧಾ' ಐದು ಮಾತ್ರೆಯ ತುಣುಕು. ಒಂದು ಮಾತ್ರೆ ಬಿಡುವು ಬಿಟ್ಟು ಮತ್ತೆ ಐದು, ಇನ್ನೊಂದು ಬಿಡುವು, ಮತ್ತೆ ಐದು, ಒಟ್ಟು ಹದಿನೇಳು. ಸಮದಿಂದ ಶುರು ಮಾಡಿದರೆ ಹದಿನೇಳನೆಯದು, ಅಂದರೆ ಮೂರನೆಯ 'ಧಾ', ಸರಿಯಾಗಿ ಮುಂದಿನ ಸಮದ ಮೇಲೆ ಬೀಳುತ್ತದೆ. ಮೊದಲೆರಡು 'ಧಾ' ಬೀಳುವುದು ಐದನೆಯ ಮತ್ತು ಹನ್ನೊಂದನೆಯ ಮಾತ್ರೆಗೆ, ಅವು ಸಮ ಅಲ್ಲ. ಎ ಮೈನರ್ ಮೇಲಿನ 'ಸ'ದಂತೆ ಅವೂ ಬಂದೂ ಬಾರದ ಮುಕ್ತಾಯಗಳು. ನಮ್ಮ ಕರ್ನಾಟಕ ಸಂಗೀತದ ತನಿ ಆವರ್ತನದಲ್ಲೂ ಕೋರ್ವೆ ಹೀಗೆಯೇ ಮೂರರ ಲೆಕ್ಕದಲ್ಲಿ ಕಟ್ಟಿಕೊಂಡು ಬರುತ್ತದೆ, ಆದರೆ ಅದು ಬಂದು ಸೇರುವುದು ಎಷ್ಟೋ ಸಲ ಸಮಕ್ಕಲ್ಲ, ಹಾಡಿನ ಎಡುಪ್ಪಿಗೆ.

ಸಾಹಿತ್ಯವೂ ಇದಕ್ಕೆ ಒಪ್ಪಬೇಕು. ಭಾವಗೀತೆಗಳಲ್ಲಿ ಚರಣ ಮುಗಿದ ಮೇಲೆ ಪಲ್ಲವಿಯ ಮೊದಲ ತುಣುಕಿಗೆ ಮರಳಿ ಅಲ್ಲೇ ನಿಲ್ಲಿಸುವುದು ರೂಢಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಎಷ್ಟೋ ಪಲ್ಲವಿಗಳ ಮೊದಲ ತುಣುಕು ಅರ್ಧ ವಾಕ್ಯವಾಗಿರುತ್ತದೆ. ರಾಗ 'ಸ'ಕ್ಕೆ ಬಂದರೂ ಮಾತು ನೇತಾಡುತ್ತದೆ. ಅಂಥ ಪಲ್ಲವಿಯಾದರೆ ಮೂರು ಸಲ ಹಾಡಲು ಕ್ರಿಯಾಪದವಿರುವ ಬಾಲವನ್ನೇ ಆರಿಸಿಕೊಳ್ಳಬೇಕು.

ಇನ್ನು ಕೊನೆಯ ಕಾರ್ಡಿನ ನಾದ. ಬೀಟಲ್ಸ್ ತಂಡದವರು 1967ರ ಫೆಬ್ರವರಿಯಲ್ಲಿ 'ಎ ಡೇ ಇನ್ ದ ಲೈಫ್' ಹಾಡಿಗೆ ಹಲವು ಪಿಯಾನೋಗಳ ಮೇಲೆ ಒಂದೇ ಇ ಮೇಜರ್ ಕಾರ್ಡನ್ನು ಒಟ್ಟಿಗೆ ಬಾರಿಸಿ, ನಾದ ಕ್ಷೀಣಿಸಿದಂತೆಲ್ಲ ರೆಕಾರ್ಡಿಂಗ್ ಮಟ್ಟವನ್ನು ಏರಿಸುತ್ತ ಅದನ್ನು 40 ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿದರು. ಕೊನೆಕೊನೆಗೆ ಸ್ಟುಡಿಯೋದ ಕುರ್ಚಿ ಕಿರುಗುಟ್ಟಿದ್ದೂ ಅದರಲ್ಲಿ ಕೇಳಿಸುತ್ತದೆ. ನಮ್ಮ ಹಾಡಿಗೆ ಅಷ್ಟು ಬೇಡ, ಎರಡು ಆವರ್ತದಷ್ಟು ಆರೇಳು ಸೆಕೆಂಡ್ ಸಾಕು. ಆದರೆ ಆ ನಾದ ತಾನಾಗಿ ಆರಲು ಬಿಡಬೇಕು. ಕಡತ ಹೊರತೆಗೆಯುವಾಗ ಹಾಡಿನ ಕೊನೆಯ ಗೆರೆಯನ್ನು ಕೊನೆಯ ಸ್ವರದ ಹತ್ತಿರವೇ ಎಳೆದುಬಿಟ್ಟರೆ ರಿವರ್ಬ್‌ನ ಬಾಲ ಕತ್ತರಿಸಿಹೋಗಿ ಅಲ್ಲೊಂದು ಸಣ್ಣ 'ಟಿಕ್' ಉಳಿಯುತ್ತದೆ. ಸ್ಪೀಕರಿನಲ್ಲಿ ಅದು ತಪ್ಪಿಸಿಕೊಳ್ಳುತ್ತದೆ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಏರಿಸಿ, ಕೊನೆಯ ಹತ್ತು ಸೆಕೆಂಡನ್ನು ಮಾತ್ರ ಕೇಳಿದರೆ ಸಿಕ್ಕಿಬೀಳುತ್ತದೆ.