ಮೊದಲ ಬಾರಿ ಕ್ಯಾಮೆರಾ ಮುಂದೆ: ಪ್ರಶ್ನೆಗಳ ಸರದಿ

ಕ್ಯಾಮೆರಾ ಮುಂದೆ ಎಂದೂ ಕೂರದವರನ್ನು ಮಾತನಾಡಿಸುವಾಗ ಏನು ಕೇಳಬೇಕು ಎನ್ನುವಷ್ಟೇ ಮುಖ್ಯ, ಯಾವುದನ್ನು ಮೊದಲು ಕೇಳಬೇಕು ಎನ್ನುವುದು. ಅಂಜಿಕೆಯಾದಾಗ ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ, ದನಿ ಏರುತ್ತದೆ. ಸಾಮಾನ್ಯವಾಗಿ ಮೊದಲ ಕೆಲವು ನಿಮಿಷ ಇದರ ಕಾಟ ಹೆಚ್ಚು, ಆಮೇಲೆ ತಾನಾಗಿ ಇಳಿಯುತ್ತದೆ. ಆ ನಿಮಿಷಗಳನ್ನು ಹಗುರವಾಗಿ ದಾಟಿಸುವುದೇ ಪ್ರಶ್ನೆಗಳ ಸರದಿಯ ಉದ್ದೇಶ.

ಒಂದು ಉದಾಹರಣೆಯನ್ನೇ ಹಿಡಿದು ನೋಡಬಹುದು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ಅಂದರೆ ಹಿರಿಯೂರು ಸೀಮೆಯ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅದನ್ನು ಕಣ್ಣಾರೆ ಕಂಡ ತೆಂಗು ಬೆಳೆಗಾರರೊಬ್ಬರ ನೆನಪನ್ನು ದಾಖಲಿಸಬೇಕಿದೆ ಎಂದುಕೊಳ್ಳೋಣ. ವಯಸ್ಸು ಎಪ್ಪತ್ತು, ಕ್ಯಾಮೆರಾ ಹೊಸದು.

ಬಹಳ ಜನ ಎಡವುವುದು ಮೊದಲ ಪ್ರಶ್ನೆಯಲ್ಲೇ. ‘ನಿಮ್ಮ ಪರಿಚಯ ಮಾಡಿಕೊಳ್ಳಿ’, ‘ಕೋಡಿ ಬಿದ್ದಾಗ ಏನನ್ನಿಸಿತು?’ ಎಂಬಂಥವು ಕೇಳಲು ಸುಲಭ, ಉತ್ತರಿಸಲು ಕಷ್ಟ. ಎಪ್ಪತ್ತು ವರ್ಷದ ಬದುಕಿನಲ್ಲಿ ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು, ಯಾವ ಮಾತಿನಲ್ಲಿ ಹೇಳುವುದು ಎಂದು ಅವರು ಅಲ್ಲೇ ಆರಿಸಬೇಕಾಗುತ್ತದೆ. ಅಂಜಿದ ಮನಸ್ಸಿಗೆ ಅತಿ ಕಷ್ಟವಾದದ್ದು ಈ ಆಯ್ಕೆಯೇ. ಆರಿಸಲಾಗದಿದ್ದಾಗ ಕೈಗೆ ಸಿಗುವುದು ಸಭೆಯ ಭಾಷೆ. ಮನೆಯಲ್ಲಿ ‘ಕೋಡಿ ಬಿತ್ತು’ ಎನ್ನುವವರು ‘ಜಲಾಶಯವು ಸಂಪೂರ್ಣ ಭರ್ತಿಯಾಯಿತು’ ಎನ್ನತೊಡಗುತ್ತಾರೆ. ಸಂದರ್ಶನ ಭಾಷಣವಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಖಚಿತ ಗುರುತಿಲ್ಲ. ಎಷ್ಟೋ ಸಲ ಕೇಳುವವರೇ ಪುಸ್ತಕದ ಕನ್ನಡದಲ್ಲಿ ಕೇಳಿ ಇದನ್ನು ಶುರು ಮಾಡಿರುತ್ತಾರೆ.

ಆದ್ದರಿಂದ ಮೊದಲ ಪ್ರಶ್ನೆಗೆ ಆಯ್ಕೆಯ ಭಾರ ಇರಬಾರದು, ನೆನಪಿದ್ದರೆ ಸಾಕಾಗಬೇಕು. ‘ಅಜ್ಜಾ, ಈ ಸಾಲಿನ ಮರ ಯಾರು ನೆಟ್ಟಿದ್ದು?’ ಎಂದು ಆರಂಭಿಸಬಹುದು. ಈ ಉತ್ತರ ಚಿತ್ರದಲ್ಲಿ ಉಳಿಯದಿದ್ದರೂ ನಷ್ಟವಿಲ್ಲ. ಮೈಕಿನ ದನಿಮಟ್ಟ ಹೊಂದಿಸಿಕೊಳ್ಳಲು ಇದೇ ಸಮಯ. ಎರಡನೆಯದು ಆ ದಿನದ ನಡಿಗೆ: ‘ಕೋಡಿ ನೋಡೋಕೆ ಯಾರ ಜೊತೆ ಹೊರಟ್ರಿ? ಹೋದ ತಕ್ಷಣ ಏನು ಕಾಣಿಸ್ತು?’ ಒಂದಾದ ಮೇಲೊಂದು ನಡೆದದ್ದನ್ನು ಹೇಳುವಾಗ ಮುಂದಿನ ಮಾತನ್ನು ಹುಡುಕಬೇಕಿಲ್ಲ, ಘಟನೆಯೇ ಎಳೆದು ತರುತ್ತದೆ. ಮಾತಿಗೆ ಕೈ ಜೊತೆಗೂಡಿತೆಂದರೆ, ಉಸಿರು ವಾಕ್ಯದ ಕೊನೆಯವರೆಗೆ ಬಂತೆಂದರೆ ಮೂರನೆಯದಕ್ಕೆ ಹೋಗಬಹುದು: ‘ಅದಕ್ಕೆ ಮುಂಚೆ, ಮಳೆ ಇಲ್ಲದ ವರ್ಷ ತೋಟಕ್ಕೆ ನೀರು ಹೆಂಗೆ ಹೊಂದಿಸ್ತಿದ್ರಿ?’ ಒಣಗಿದ ಮರಗಳನ್ನು ಕಡಿಸಿದ ನೋವಿನ ಮಾತು ಬರುವುದು ಇದರ ನಂತರ. ಕಾಲುವೆ ನೀರಿನ ಹಂಚಿಕೆಯ ಬಗ್ಗೆ ಅಭಿಪ್ರಾಯ ಕೇಳುವುದು ಎಲ್ಲಕ್ಕಿಂತ ಕೊನೆಗೆ. ನೋವಿನ ಉತ್ತರ ಮುಗಿದೊಡನೆ ಕ್ಯಾಮೆರಾ ಆರಿಸಬಾರದು; ಈಗಿನ ಫಸಲಿನ ಬಗ್ಗೆ ಒಂದೆರಡು ಮಾತು ಕೇಳಿ ಅವರನ್ನು ಸಮಸ್ಥಿತಿಗೆ ತಂದು ಏಳಬೇಕು.

ತಯಾರಿಯ ವಿಷಯದಲ್ಲೂ ಒಂದು ತಪ್ಪು ಕಲ್ಪನೆ ಬಲವಾಗಿದೆ: ಪ್ರಶ್ನೆಗಳನ್ನು ಬರೆದುಕೊಟ್ಟು ಅಭ್ಯಾಸ ಮಾಡಿಸಿದರೆ ಹೆದರಿಕೆ ಹೋಗುತ್ತದೆ ಎಂಬುದು. ಆಗುವುದು ಬೇರೆ. ಹೆದರಿಕೆಯ ಜೊತೆಗೆ ಉರುಹೊಡೆದದ್ದು ಮರೆತೀತೆಂಬ ಚಿಂತೆಯೂ ಸೇರುತ್ತದೆ. ಹಿಂದಿನ ದಿನವೇ ಒಮ್ಮೆ ಎಲ್ಲ ಹೇಳಿಸಿದ್ದರೆ ಮರುದಿನ ‘ಆಗ್ಲೇ ಹೇಳಿದ್ನಲ್ಲ’ ಎಂದು ಮೊಟಕಾಗುತ್ತದೆ. ವಿಷಯಗಳನ್ನಷ್ಟೇ ಮುಂಚೆ ತಿಳಿಸುವುದು ಸರಿಯಾದ ದಾರಿ.

ಕಲಿಸಬೇಕಾದದ್ದು ಒಂದೇ. ಸಂಕಲನದಲ್ಲಿ ಪ್ರಶ್ನೆ ಕತ್ತರಿಸಿಹೋಗುವುದರಿಂದ ಉತ್ತರ ತಾನೇ ನಿಲ್ಲುವಂತಿರಬೇಕು. ‘ಬೆಳಿಗ್ಗೆ ಏನು ತಿಂದ್ರಿ ಅಂದ್ರೆ, ಮುದ್ದೆ ಅನ್ನಬೇಡಿ, ಬೆಳಿಗ್ಗೆ ಮುದ್ದೆ ತಿಂದೆ ಅನ್ನಿ’ ಎಂದು ಒಮ್ಮೆ ತೋರಿಸಿದರೆ ಸಾಕು. ನಡುವೆ ಮರೆತರೆ ತಡೆಯಬಾರದು. ಓಡುತ್ತಿರುವ ಮಾತು ನಿಂತರೆ ಮತ್ತೆ ಅದೇ ಹುರುಪಿನಲ್ಲಿ ಬರುವುದು ಅಪರೂಪ. ಅಂಥ ಪ್ರಶ್ನೆಯನ್ನು ಕೊನೆಯಲ್ಲಿ ಬೇರೆ ಮಾತಿನಲ್ಲಿ ಕೇಳಬೇಕು. ತಡವರಿಸಿದ ಆರಂಭದ ಉತ್ತರಗಳನ್ನೂ ಹೀಗೇ ಮತ್ತೆ ಪಡೆಯಬಹುದು, ಹೆಚ್ಚಿನ ಸಲ ಎರಡನೆಯದೇ ಚೆನ್ನಾಗಿರುತ್ತದೆ.

ಕೇಳುವವರು ಲೆನ್ಸಿನ ಪಕ್ಕಕ್ಕೆ ಅಂಟಿಕೊಂಡಂತೆ, ಮಾತನಾಡುವವರ ಕಣ್ಣಿನ ಮಟ್ಟಕ್ಕೆ ಕೂತು, ‘ನನ್ನನ್ನೇ ನೋಡಿ’ ಎನ್ನಬೇಕು. ಕ್ಯಾಮೆರಾದ ಕೆಂಪು ದೀಪ ಆರಿಸಬಹುದು ಅಥವಾ ಟೇಪು ಅಂಟಿಸಿ ಮುಚ್ಚಬಹುದು. ಆದರೆ ಚಿತ್ರೀಕರಣ ನಡೆಯುತ್ತಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಉತ್ತರ ಮುಗಿಯಿತೆನ್ನಿಸಿದಾಗ ಮೂರು ನಾಲ್ಕು ಸೆಕೆಂಡು ಸುಮ್ಮನಿರಬೇಕು, ಒಳ್ಳೆಯ ಮಾತು ಅಲ್ಲೇ ಹೊರಡುತ್ತದೆ!

ಸರದಿಯಿಂದ ಆಗದ್ದೂ ಇದೆ. ಮನೆಯವರು ಹಿಂದೆ ನಿಂತು ಮಾತು ತಿದ್ದುತ್ತಿದ್ದರೆ ಯಾವ ಪ್ರಶ್ನೆಯೂ ಫಲಿಸದು. ಮೊದಲು ಅವರನ್ನು ಆಚೆ ಕೂರಿಸಬೇಕು. ಹೇಳಲು ಮನಸ್ಸಿಲ್ಲದವರನ್ನು ಅಲ್ಲಿಗೇ ಬಿಡಬೇಕು. ಈ ಕೆಲಸ ಕಲಿಯುವವರು ತಾವೇ ಚಿತ್ರೀಕರಿಸಿದ್ದನ್ನು ಕತ್ತರಿಸದೆ ಪೂರ್ತಿ ಕೇಳಿ, ಎಷ್ಟನೇ ಪ್ರಶ್ನೆಗೆ ಸಭೆಯ ಭಾಷೆ ಬಿದ್ದುಹೋಗಿ ಊರಿನ ಮಾತು ಬಂತು ಎಂದು ಗುರುತು ಹಾಕಿಕೊಳ್ಳಬೇಕು. ಆ ಪ್ರಶ್ನೆಯನ್ನು ಮುಂದಿನ ಸಂದರ್ಶನದಲ್ಲಿ ಇನ್ನೂ ಮುಂಚೆ ಕೇಳಿ ನೋಡುವುದು ಮುಂದಿನ ಪಾಠ.